ಕಾದು ಕಾದು ಎದ್ದುಹೋದವರಿಗೆ ಒಂದು ಪತ್ರ

ಅರ್ಧ ರೂಟ್ ಕೆನಾಲ್ ಆದ ಹಲ್ಲನ್ನು ಬಾಯಲ್ಲಿಟ್ಟುಕೊಂಡು, ಎರಡು ಗಂಟೆ ಕಾದು, ಬೇಸತ್ತು ಎದ್ದುಹೋದ ರೋಗಿ ಮತ್ತೆ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತದಿದ್ದರೆ ಡಾಕ್ಟರಿಗೆ ಒಬ್ಬ ಗಿರಾಕಿ ಹೋದಂತೆ. ರೋಗಿಗಾದರೆ ಹಲ್ಲೇ ಹೋಗಬಹುದು. ದಂತವೈದ್ಯರು ಬರೆಯುವ ಕ್ಷಮಾಪಣೆ ಪತ್ರವನ್ನು ಬರೀ ಸೌಜನ್ಯದ ಮಾತು ಎಂದು ತಳ್ಳಿಹಾಕುವವರು ಈ ಲೆಕ್ಕವನ್ನು ಮರೆಯುತ್ತಾರೆ. ಹೋಟೆಲಿನಲ್ಲಿ ದೋಸೆ ತಡವಾದರೆ ಪಕ್ಕದ ಹೋಟೆಲಿಗೆ ಹೋಗಬಹುದು. ಹಲ್ಲಿನ ಒಳಗೆ ಔಷಧ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿ ಕಳಿಸಿದವರು ಅಷ್ಟು ಸುಲಭವಾಗಿ ಬೇರೆ ಕಡೆ ಹೋಗಲಾರರು. ಸಿಟ್ಟಿನಲ್ಲಿ ಎಲ್ಲಿಗೂ ಹೋಗದೆ ಮನೆಯಲ್ಲೇ ಕೂತುಬಿಡುತ್ತಾರೆ. ಆ ಸಿಮೆಂಟಿಗಾದರೋ ಅವರ ಸಿಟ್ಟು ಆರುವತನಕ ಕಾಯುವ ತಾಳ್ಮೆ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದಂಥ ಊರು, ಒಬ್ಬರೇ ಡಾಕ್ಟರು, ಒಂದೇ ಚೇರು, ಅರ್ಧರ್ಧ ಗಂಟೆಗೆ ಒಬ್ಬೊಬ್ಬರಂತೆ ಅಪಾಯಿಂಟ್‌ಮೆಂಟು. ರೋಗಿ ಅರಕಲಗೂಡಿನ ಕಡೆಯವರು, ನಿವೃತ್ತ ಶಿಕ್ಷಕಿ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಹತ್ತು ದಿನದ ಹಿಂದೆ, ಒಂದು ಸೋಮವಾರ, ಅವರ ಕೆಳದವಡೆಯ ಬಲಗಡೆ ಹಲ್ಲಿನ ಬೇರಿನ ನಾಳಗಳನ್ನು ಸ್ವಚ್ಛ ಮಾಡಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧ ತುಂಬಿ, ಮೇಲೆ ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸಿದ್ದರು. ಉಳಿದದ್ದು ನಾಳಗಳನ್ನು ಕಾಯಂ ಆಗಿ ಮುಚ್ಚುವ ಕೆಲಸ. ಅದಕ್ಕೆ ಗುರುವಾರ ಸಂಜೆ ಐದಕ್ಕೆ ಬನ್ನಿ ಎಂದಿದ್ದರು.

ಆ ಗುರುವಾರ ನಾಲ್ಕೂ ಹತ್ತಕ್ಕೆ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಅವರಪ್ಪ ಎತ್ತಿಕೊಂಡು ಬಂದರು. ಸೈಕಲ್ಲಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಬೇರುಸಮೇತ ಕಿತ್ತು ಬಂದಿತ್ತು. ಯಾರೋ ತಿಳಿದವರು ಅದನ್ನು ಒಂದು ಲೋಟ ಹಾಲಿನಲ್ಲಿ ಹಾಕಿ ಕೊಟ್ಟಿದ್ದರು. ಚೇರಿನಲ್ಲಿ ನಾಲ್ಕು ಗಂಟೆಯ ರೋಗಿ ಆಗಲೇ ಮಲಗಿದ್ದರು, ಇಂಜೆಕ್ಷನ್ ಕೊಟ್ಟಾಗಿತ್ತು. ಡಾಕ್ಟರು ಅವರನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿ, ಹುಡುಗನನ್ನು ಮಲಗಿಸಿದರು. ಅದು ಸರಿಯಾದ ತೀರ್ಮಾನ, ಅದರ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಬೇರುಸಮೇತ ಬಿದ್ದ ಕಾಯಂ ಹಲ್ಲನ್ನು ಎಷ್ಟು ಬೇಗ ಅದರ ಗುಳಿಗೆ ಸೇರಿಸುತ್ತಾರೋ ಅಷ್ಟು ಒಳ್ಳೆಯದು. ಬೇರಿನ ಮೈಗೆ ಅಂಟಿಕೊಂಡ ಜೀವಕೋಶಗಳು ಗಾಳಿಗೆ ಒಣಗಿ ಸಾಯುತ್ತವೆ. ಒಣಗಿಯೇ ಒಂದು ಗಂಟೆ ಕಳೆದರೆ ಅವು ಉಳಿಯುವ ಆಸೆ ಬಿಟ್ಟಂತೆಯೇ. ಹಾಲು ಒಂದಿಷ್ಟು ಹೊತ್ತು ಅವನ್ನು ಜೀವಂತ ಇಡುತ್ತದೆ, ಅಷ್ಟೆ. ಹಲ್ಲನ್ನು ತಲೆಯ ಕಡೆಯಿಂದ ಹಿಡಿದು, ಬೇರು ಮುಟ್ಟದೆ ತೊಳೆದು, ಗುಳಿಗೆ ಕೂರಿಸಿ, ಎಕ್ಸ್‌ರೇ ತೆಗೆದು ನೋಡಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಂಟಿಸಿ, ಟಿಟಿ ಇಂಜೆಕ್ಷನ್ ವಿಚಾರ ಕೇಳಿ, ಅಳುವ ಹುಡುಗನಿಗೂ ನಡುಗುವ ಅಪ್ಪನಿಗೂ ಸಮಾಧಾನ ಹೇಳುವಷ್ಟರಲ್ಲಿ ಐವತ್ತು ನಿಮಿಷ. ಗಡಿಯಾರ ಐದು ತೋರಿಸುತ್ತಿತ್ತು.

ಶಿಕ್ಷಕಿ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಕೂತಿದ್ದರು. ಒಳಗೆ ಏನು ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಐದೂ ನಲವತ್ತಕ್ಕೆ ಕೇಳಿದಾಗ ರಿಸೆಪ್ಷನ್ನಿನ ಹುಡುಗಿ, ‘ಇನ್ನೊಂದ್ ಐದ್ ನಿಮಿಷ ಮೇಡಂ’ ಎಂದಳು. ಆರು ಗಂಟೆಗೆ ಕೇಳಿದಾಗಲೂ ಅದೇ ಐದು ನಿಮಿಷ. ಆರೂ ಇಪ್ಪತ್ತರ ಹೊತ್ತಿಗೆ ಅವರಿಗೆ ಬೆವರು ಬಂದು ಕೈ ನಡುಗಲು ಶುರುವಾಯಿತು. ಮಧ್ಯಾಹ್ನ ಒಂದಕ್ಕೆ ಊಟ, ಮಾತ್ರೆ ಆಗಿತ್ತು, ಆಮೇಲೆ ಏನೂ ತಿಂದಿರಲಿಲ್ಲ. ‘ಎದುರುಗಡೆ ಹೋಗಿ ಏನಾದ್ರೂ ತಿಂದ್ಕೊಂಡು ಬರ್ತೀನಮ್ಮ’ ಎಂದು ಹೇಳಿ ಹೋದರು. ಹುಡುಗಿ ಫೋನಿನಲ್ಲಿದ್ದಳು, ತಲೆಯಾಡಿಸಿದಳು. ಆರೂ ಇಪ್ಪತ್ತೈದಕ್ಕೆ ಒಳಗಿಂದ ಹೆಸರು ಕರೆದರು, ಆಳಿಲ್ಲ. ಐದೂವರೆಯವರು ಒಳಗೆ ಹೋದರು. ಶಿಕ್ಷಕಿ ವಾಪಸ್ ಬಂದಾಗ ಆರೂ ಮೂವತ್ತೈದು. ‘ನಿಮ್ಮ ಹೆಸರು ಕರೆದ್ವಲ್ಲ ಮೇಡಂ, ನೀವಿರಲಿಲ್ಲ. ಇನ್ನು ಅರ್ಧ ಗಂಟೆ ಆಗುತ್ತೆ.’ ಆರೂ ಐವತ್ತಕ್ಕೆ ಅವರು ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟರು.

ಮರುದಿನ ಇಂಥವರಿಗೆ ಸಾಮಾನ್ಯವಾಗಿ ಹೋಗುವುದು ವಾಟ್ಸಾಪಿನಲ್ಲಿ ಒಂದು ಸಾಲು. ‘ಅನಿವಾರ್ಯ ಕಾರಣಗಳಿಂದ ನಿಮಗೆ ಅನಾನುಕೂಲ ಉಂಟಾಗಿದ್ದಲ್ಲಿ ವಿಷಾದಿಸುತ್ತೇವೆ. ಮುಂದಿನ ಅಪಾಯಿಂಟ್‌ಮೆಂಟಿಗೆ ಕರೆ ಮಾಡಿ.’ ರೈಲು ತಡವಾದಾಗ ಪ್ಲಾಟ್‌ಫಾರ್ಮಿನ ಮೈಕಿನಲ್ಲಿ ಬರುವ ದನಿಯಂತೆ ಇದರಲ್ಲಿ ಆಡುವವರೂ ಇಲ್ಲ, ಕೇಳಿಸಿಕೊಳ್ಳುವವರೂ ಇಲ್ಲ. ‘ಉಂಟಾಗಿದ್ದಲ್ಲಿ’ ಎಂದರೆ ಆಗಿದೆಯೋ ಇಲ್ಲವೋ ಇನ್ನೂ ಅನುಮಾನ ಎಂದಾಯಿತು. ಕೈ ನಡುಗಿದವರು ಇದನ್ನು ಓದಿದರೆ ಸಿಟ್ಟು ಇನ್ನಷ್ಟು ಏರುತ್ತದೆ. ಅದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಟೆಂಪರರಿ ಫಿಲ್ಲಿಂಗ್ ಇನ್ನೆಷ್ಟು ದಿನ ಬಾಳುತ್ತದೆ, ಅಷ್ಟರೊಳಗೆ ಬರದಿದ್ದರೆ ಏನಾಗುತ್ತದೆ ಎಂಬ ಮಾತೇ ಅದರಲ್ಲಿಲ್ಲ.

ಒಳ್ಳೆಯ ಪತ್ರ ಬರೆಯಬೇಕಾದರೆ ಡಾಕ್ಟರು ಮೊದಲು ತಮ್ಮ ಸಂಜೆಯ ಲೆಕ್ಕ ತಾವೇ ಮಾಡಿಕೊಳ್ಳಬೇಕು. ಐದರ ರೋಗಿಯನ್ನು ಕರೆದದ್ದು ಆರೂ ಇಪ್ಪತ್ತೈದಕ್ಕೆ. ಒಟ್ಟು ಎಂಬತ್ತೈದು ನಿಮಿಷ ತಡ. ಅದರಲ್ಲಿ ಐವತ್ತು ನಿಮಿಷ ಬಿದ್ದ ಹಲ್ಲಿನದು. ಅದು ಯಾರ ತಪ್ಪೂ ಅಲ್ಲ. ಉಳಿದ ಮೂವತ್ತೈದು? ನಾಲ್ಕು ಗಂಟೆಯವರಿಗೆ ಹಿಡಿಸಿದ್ದ ಜೋಮು ಅವರು ಪಕ್ಕದಲ್ಲಿ ಕೂತಿರುವಾಗಲೇ ಇಳಿಯತೊಡಗಿತ್ತು, ಮತ್ತೊಂದು ಇಂಜೆಕ್ಷನ್ ಕೊಟ್ಟು ಅದು ಹಿಡಿಯುವತನಕ ಕಾಯಬೇಕಾಯಿತು. ಇಪ್ಪತ್ತು ನಿಮಿಷದ ಬಾಕಿ ಕೆಲಸಕ್ಕೆ ನಲವತ್ತು ಹಿಡಿಯಿತು. ನಾಲ್ಕೂವರೆಯವರಿಗೆ ಮೂವತ್ತರ ಬದಲು ನಲವತ್ತು. ಚೇರು ಒರೆಸಿ, ಸಲಕರಣೆ ಬದಲಿಸಲು ಐದು. ಇಲ್ಲಿಗೆ ಲೆಕ್ಕ ಸರಿಯಾಯಿತು.

ಈ ಇಪ್ಪತ್ತು, ಹತ್ತು, ಐದು ನಿಮಿಷಗಳು ಹುಡುಗ ಬಾರದ ದಿನವೂ ಇರುತ್ತವೆ. ಕೆಳದವಡೆಯ ಹಿಂಬದಿಯ ಹಲ್ಲಿಗೆ ಕೊಡುವ ಇಂಜೆಕ್ಷನ್ ತುಟಿಗೆ ಬೇಗ ಹಿಡಿದರೂ ಹಲ್ಲಿನ ಒಳಗೆ ಹಿಡಿಯಲು ಹತ್ತು ಹದಿನೈದು ನಿಮಿಷವಾದರೂ ಬೇಕು. ಊದಿ ಕೆರಳಿದ ನರವಿರುವ ಹಲ್ಲಿಗಂತೂ ಎಷ್ಟೋ ಸಲ ಮೊದಲನೆಯ ಇಂಜೆಕ್ಷನ್ ನಾಟುವುದೇ ಇಲ್ಲ. ಎಕ್ಸ್‌ರೇಯಲ್ಲಿ ಮೂರು ನಾಳ ಕಂಡ ಹಲ್ಲಿನಲ್ಲಿ ನಾಲ್ಕನೆಯದು ಸಿಗುತ್ತದೆ. ಕರೆಂಟು ಹೋಗಿ ಆಟೋಕ್ಲೇವ್ ನಡುವೆ ನಿಂತರೆ ಮತ್ತೆ ಮೊದಲಿಂದ ಶುರು ಮಾಡಬೇಕು. 121 ಡಿಗ್ರಿಯಲ್ಲಿ ಹದಿನೈದು ನಿಮಿಷ ಎಂದು ಪುಸ್ತಕ ಹೇಳಿದರೂ ಕಾಯುವುದು, ಒಣಗುವುದು ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಗೊಬ್ಬರು ಎಂದು ಪುಸ್ತಕದಲ್ಲಿ ಗೆರೆ ಎಳೆಯುವವರು ಇದನ್ನೆಲ್ಲ ಮರೆತಿರುತ್ತಾರೆ.

ಇನ್ನೊಂದು ವಿಚಿತ್ರವಿದೆ. ಒಬ್ಬ ರೋಗಿಗೆ ಹತ್ತು ನಿಮಿಷ ಹೆಚ್ಚಾದರೆ ಅದು ಮುಂದಿನವರೆಲ್ಲರ ತಲೆಯ ಮೇಲೆ ಕೂರುತ್ತದೆ. ಒಬ್ಬರ ಕೆಲಸ ಹತ್ತು ನಿಮಿಷ ಮೊದಲೇ ಮುಗಿದರೆ ಆ ಉಳಿತಾಯ ಬಹಳ ಸಲ ಯಾರಿಗೂ ದಕ್ಕುವುದಿಲ್ಲ, ಮುಂದಿನವರು ಇನ್ನೂ ಬಂದೇ ಇರುವುದಿಲ್ಲ. ಸಾಲ ಮಾತ್ರ ಮುಂದಕ್ಕೆ ಹೋಗುತ್ತದೆ, ಉಳಿತಾಯ ಹೋಗುವುದಿಲ್ಲ. ಅದಕ್ಕೇ ಬೆಳಗಿನ ಮೊದಲ ರೋಗಿ ಸಮಯಕ್ಕೆ ಸರಿಯಾಗಿ ಒಳಗೆ ಹೋಗುತ್ತಾರೆ, ಸಂಜೆಯವರು ಕಾಯುತ್ತಾರೆ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ 1952ರಲ್ಲೇ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸರದಿಯನ್ನು ಲೆಕ್ಕ ಹಾಕಿ ನೋಡಿದ್ದರು. ಶುರುವಿಗೆ ಇಬ್ಬರನ್ನು ಒಟ್ಟಿಗೆ ಕರೆಯಿರಿ, ಆಮೇಲೆ ಒಬ್ಬರಿಗೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಿರಿ ಎಂಬ ಅವರ ಸೂತ್ರ ಈಗಲೂ ಪ್ರಸಿದ್ಧ. ಡಾಕ್ಟರು ಖಾಲಿ ಕೂರಬಾರದು, ಬೇಕಾದರೆ ಒಬ್ಬ ರೋಗಿ ಕಾಯಲಿ ಎಂಬ ತೂಕ ಅದರೊಳಗಿದೆ. ಐದು ನಿಮಿಷದ ತಪಾಸಣೆಗೆ ಅದು ನಡೆದೀತು. ಒಬ್ಬೊಬ್ಬರು ಅರ್ಧ, ಮುಕ್ಕಾಲು ಗಂಟೆ ಚೇರು ಹಿಡಿಯುವ ಹಲ್ಲಿನ ಕೆಲಸಕ್ಕೆ ಹೇಳಿಸಿದ್ದಲ್ಲ.

ಮತ್ತೆ ಗುರುವಾರಕ್ಕೆ ಬರೋಣ. ತಡವಾದದ್ದರಲ್ಲಿ ಹೆಚ್ಚಿನ ಪಾಲು ಯಾರ ಕೈಯಲ್ಲೂ ಇರಲಿಲ್ಲ. ಆದರೆ ತಡವಾಗುತ್ತದೆ ಎಂಬ ಸಂಗತಿ ನಾಲ್ಕೂ ಇಪ್ಪತ್ತಕ್ಕೇ ಕ್ಲಿನಿಕ್ಕಿಗೆ ಗೊತ್ತಿತ್ತು. ಆಗ ಶಿಕ್ಷಕಿ ಬಸ್ಸಿನಲ್ಲಿದ್ದಿರಬಹುದು. ಫೋನ್ ಬಂದಿದ್ದರೆ ಅವರು ನೇರ ಕ್ಲಿನಿಕ್ಕಿಗೆ ಬರುವ ಬದಲು ಹಾಸನದ ಪೇಟೆಯಲ್ಲಿ ತಮ್ಮ ಕೆಲಸ ಮುಗಿಸಿ, ತಿಂಡಿ ತಿಂದು, ಆರಕ್ಕೆ ಬರುತ್ತಿದ್ದರು. ಐದು ಗಂಟೆಗಂತೂ ಬಾಯಿಲೆಕ್ಕದಲ್ಲೇ ಹೇಳಬಹುದಿತ್ತು. ಇನ್ನು ಇಬ್ಬರು ಇದ್ದಾರೆ, ನಿಮ್ಮನ್ನು ಕರೆಯುವುದು ಆರೂ ಕಾಲು, ಆರೂವರೆ. ಅಷ್ಟೇ ಮಾತು. ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಡೇವಿಡ್ ಮೈಸ್ಟರ್ 1985ರಲ್ಲಿ ಸರದಿಯಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದ ಲೇಖನದಲ್ಲಿ ಇದೇ ವಿಷಯ ಬರುತ್ತದೆ. ಕಾರಣ ತಿಳಿಯದ ಕಾಯುವಿಕೆ, ಕಾರಣ ತಿಳಿದ ಕಾಯುವಿಕೆಗಿಂತ ಉದ್ದ ಎನಿಸುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದ್ದು, ಗೊತ್ತಿರುವುದಕ್ಕಿಂತ ಉದ್ದ. ಹನ್ನೆರಡು ವರ್ಷದ ಹುಡುಗನ ಹಲ್ಲು ಕೂರಿಸುತ್ತಿದ್ದಾರೆ ಎಂದು ಗೊತ್ತಾಗಿದ್ದರೆ, ಇಡೀ ಜೀವನ ಮಕ್ಕಳ ನಡುವೆ ಕಳೆದ ಆ ಶಿಕ್ಷಕಿ ತಾವೇ ‘ಮೊದಲು ಮಗುವನ್ನ ನೋಡಿ’ ಎನ್ನುತ್ತಿದ್ದರೋ ಏನೋ.

ಸರದಿ ತಪ್ಪಿದ್ದಂತೂ ಪೂರ್ತಿ ಕ್ಲಿನಿಕ್ಕಿನ ತಪ್ಪು. ಹೇಳಿ ಹೋದವರ ಹೆಸರನ್ನು ಕರೆದು, ಇಲ್ಲವೆಂದು ದಾಟಿಸಿಬಿಟ್ಟರು. ಒಂದು ಚೀಟಿಯಲ್ಲಿ ‘ತಿಂಡಿಗೆ ಹೋಗಿದ್ದಾರೆ’ ಎಂದು ಬರೆದಿಟ್ಟಿದ್ದರೆ ಮುಗಿಯುತ್ತಿತ್ತು. ಇದಕ್ಕೂ ಹಿಂದಿನ ತಪ್ಪು ಹತ್ತು ದಿನ ಮೊದಲೇ ಆಗಿತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಳಗಿನ ತಿಂಡಿ, ಮಾತ್ರೆ ಆದ ಮೇಲಿನ ಹೊತ್ತು ಕೊಡಬೇಕೆಂದು ದಂತವೈದ್ಯ ವಿದ್ಯಾರ್ಥಿಗಳಿಗೇ ಹೇಳಿಕೊಡುತ್ತಾರೆ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗಿದವರು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಅದರ ಲಕ್ಷಣ. ಆರೂ ಇಪ್ಪತ್ತೈದಕ್ಕೆ ಅವರು ಹಸಿದುಕೊಂಡೇ ಚೇರು ಹತ್ತಿದ್ದರೂ ಕಷ್ಟವಿತ್ತು. ಕೆಳದವಡೆಗೆ ಹಿಡಿಸಿದ ಜೋಮು ಎರಡು ಮೂರು ಗಂಟೆ ಇರುತ್ತದೆ, ಅಷ್ಟು ಹೊತ್ತು ನಾಲಿಗೆ, ತುಟಿ ಕಚ್ಚಿಕೊಳ್ಳುವ ಭಯಕ್ಕೆ ತಿನ್ನಬೇಡಿ ಎನ್ನುತ್ತಾರೆ. ಅವರು ತಿಂಡಿಗೆ ಎದ್ದುಹೋದದ್ದೇ ಸರಿ.

ಹೀಗೆ ಲೆಕ್ಕ ಬಿಡಿಸಿಕೊಂಡ ಮೇಲೆ ಪತ್ರ ತಾನಾಗಿಯೇ ಒಂದು ರೂಪಕ್ಕೆ ಬರುತ್ತದೆ. ತಪ್ಪಿಸಲಾಗದ್ದನ್ನು ವಿವರಿಸಬೇಕು, ತಪ್ಪಿಸಬಹುದಾಗಿದ್ದದ್ದಕ್ಕೆ ಕ್ಷಮೆ ಕೇಳಬೇಕು. ಎರಡನ್ನೂ ಒಂದೇ ‘ಅನಿವಾರ್ಯ ಕಾರಣ’ದ ಗೋಣಿಗೆ ತುಂಬಬಾರದು. ಆ ಪತ್ರ ಹೀಗಿರಬಹುದು:

‘ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.

ನಿನ್ನೆ ಸಂಜೆ 5 ಗಂಟೆಗೆ ನಿಮ್ಮನ್ನು ಬರಹೇಳಿದ್ದೆವು. ನೀವು ಹತ್ತು ನಿಮಿಷ ಮುಂಚೆಯೇ ಬಂದು, 6.50ರವರೆಗೆ ಕಾದು, ಚಿಕಿತ್ಸೆಯಾಗದೆ ಊರಿಗೆ ಹಿಂದಿರುಗಿದಿರಿ. ಅದಕ್ಕಾಗಿ ನಿಮ್ಮ ಕ್ಷಮೆ ಕೇಳುತ್ತೇನೆ.

ನಾಲ್ಕು ಗಂಟೆ ದಾಟಿದ ಮೇಲೆ ತುರ್ತು ಚಿಕಿತ್ಸೆ ಬೇಕಾದವರೊಬ್ಬರು ಬಂದರು. ಅವರನ್ನು ಕಾಯಿಸುವಂತಿರಲಿಲ್ಲ. ಅದರಿಂದ ಸುಮಾರು 50 ನಿಮಿಷ ತಡವಾಯಿತು, ಮುಂದಿನ ಕೆಲಸಗಳಲ್ಲಿ ಅದು ಇನ್ನೂ ಬೆಳೆಯಿತು. ಆದರೆ ತಡವಾಗುವುದು ನಮಗೆ 4.20ಕ್ಕೇ ಗೊತ್ತಿತ್ತು. ಆಗಲೇ ನಿಮಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ನೀವು ಕೇಳಿದಾಗಲೂ ನಿಜವಾದ ಸಮಯ ಹೇಳಲಿಲ್ಲ. ನೀವು ಹೇಳಿಯೇ ತಿಂಡಿಗೆ ಹೋಗಿದ್ದಿರಿ, ಆದರೂ ನಿಮ್ಮ ಸರದಿಯನ್ನು ಬೇರೆಯವರಿಗೆ ಕೊಟ್ಟೆವು. ನಿಮ್ಮ ಆರೋಗ್ಯದ ವಿಷಯ ಗೊತ್ತಿದ್ದೂ ಸಂಜೆಯ ಹೊತ್ತು ಕೊಟ್ಟದ್ದು ನನ್ನ ತಪ್ಪು.

ನಿಮ್ಮ ಹಲ್ಲಿನ ಚಿಕಿತ್ಸೆ ಅರ್ಧ ಆಗಿದೆ. ಈಗಿರುವ ತಾತ್ಕಾಲಿಕ ಸಿಮೆಂಟನ್ನು ಹೆಚ್ಚು ದಿನ ನಂಬುವಂತಿಲ್ಲ. ಮುಂದಿನ ವಾರ ಮುಗಿಯುವುದರೊಳಗೆ ಕೆಲಸ ಪೂರೈಸಿಕೊಳ್ಳಬೇಕು. ನಾಳೆ ಶನಿವಾರ ಮತ್ತು ಸೋಮವಾರ ಬೆಳಗ್ಗೆ 10 ಗಂಟೆ, ಎರಡನ್ನೂ ನಿಮಗಾಗಿ ಹಿಡಿದಿಟ್ಟಿದ್ದೇನೆ. ದಿನದ ಮೊದಲ ಹೊತ್ತು ಅದು. ತಿಂಡಿ, ಮಾತ್ರೆ ಮುಗಿಸಿಯೇ ಬನ್ನಿ. ಯಾವ ದಿನ ಬರುತ್ತೀರೆಂದು ಇಂದು ಸಂಜೆ ನಾನೇ ಫೋನ್ ಮಾಡಿ ಕೇಳುತ್ತೇನೆ.

ಅಲ್ಲಿಯವರೆಗೆ ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯಬೇಡಿ. ಸಿಮೆಂಟು ಕಿತ್ತು ಬಂದರೆ, ಕೆಟ್ಟ ರುಚಿ ಬಂದರೆ, ನೋವು ಅಥವಾ ಊತ ಕಂಡರೆ ಕೆಳಗಿನ ನನ್ನ ಸ್ವಂತ ನಂಬರಿಗೆ ಯಾವ ಹೊತ್ತಿಗಾದರೂ ಕರೆ ಮಾಡಿ. ಸಿಮೆಂಟು ಮತ್ತೆ ಹಾಕಬೇಕಾದರೆ ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಬೇರೆ ವೈದ್ಯರ ಬಳಿ ಮುಗಿಸಿಕೊಳ್ಳುವ ಮನಸ್ಸಿದ್ದರೆ ಎಕ್ಸ್‌ರೇ ಮತ್ತು ಚಿಕಿತ್ಸೆಯ ವಿವರಗಳನ್ನು ಬರೆದು ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ’

ಕೆಳಗೆ ಡಾಕ್ಟರ ಸಹಿ, ನೋಂದಣಿ ಸಂಖ್ಯೆ, ಫೋನ್ ನಂಬರು. ಇಷ್ಟೇ. ಇದನ್ನು ರಿಸೆಪ್ಷನ್ನಿನ ಹುಡುಗಿಯ ಹೆಸರಿನಲ್ಲಿ ಕಳಿಸಬಾರದು, ಅವಳ ತಲೆಗೆ ಕಟ್ಟಲೂಬಾರದು. ‘ನಮ್ಮ ಸಿಬ್ಬಂದಿಯ ಅಚಾತುರ್ಯದಿಂದ’ ಎಂದು ಬರೆಯುವ ಡಾಕ್ಟರರನ್ನು ಕಂಡರೆ ನನಗೆ ಆಗುವುದಿಲ್ಲ. ನಿಜವಾದ ಸಮಯ ಏನೆಂದು ಒಳಗಿನಿಂದ ಯಾರೂ ಹೇಳಿಲ್ಲದಿದ್ದರೆ ಆ ಹುಡುಗಿ ‘ಐದು ನಿಮಿಷ’ ಬಿಟ್ಟು ಇನ್ನೇನು ಹೇಳಿಯಾಳು?

ತುರ್ತಾಗಿ ಬಂದವರ ಬಗ್ಗೆ ಪತ್ರದಲ್ಲಿ ಏನೂ ವಿವರ ಇಲ್ಲದ್ದನ್ನು ಗಮನಿಸಿ. ಸೈಕಲ್ಲಿನಿಂದ ಬಿದ್ದ ಹುಡುಗ ಎಂದು ಬರೆದರೆ ಓದುವವರ ಮನ ಕರಗುತ್ತದೆ, ನಿಜ. ಆದರೆ ಚಿಕ್ಕ ಊರಿನಲ್ಲಿ ಯಾರ ಮನೆಯ ಹುಡುಗ ಸೈಕಲ್ಲಿನಿಂದ ಬಿದ್ದ ಎಂದು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಡ. ಒಬ್ಬ ರೋಗಿಯ ಕಥೆಯನ್ನು ಇನ್ನೊಬ್ಬರಿಗೆ ನೆಪವಾಗಿ ಬಳಸುವಂತಿಲ್ಲ. ಇದೇ ಕಾರಣಕ್ಕೆ ಶಿಕ್ಷಕಿಯ ಸಕ್ಕರೆ ಕಾಯಿಲೆಯನ್ನೂ ‘ನಿಮ್ಮ ಆರೋಗ್ಯದ ವಿಷಯ’ ಎಂದಷ್ಟೇ ಬರೆದಿದೆ. ಆ ಲಕೋಟೆಯನ್ನು ಮನೆಯಲ್ಲಿ ಯಾರು ಒಡೆಯುತ್ತಾರೋ, ವಾಟ್ಸಾಪಿಗೆ ಹೋದರೆ ಯಾವ ಮೊಮ್ಮಗನ ಕೈಯಲ್ಲಿ ಫೋನ್ ಇರುತ್ತದೋ ಹೇಳಲಾಗದು.

ರಿಯಾಯಿತಿಯ ಮಾತೂ ಇಲ್ಲ. ಮುಂದಿನ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಕಡಿತ ಎಂದು ಸೇರಿಸುವ ಆಸೆ ಹಲವರಿಗೆ ಬರುತ್ತದೆ. ಅದು ಬಂದ ಕೂಡಲೇ ಪತ್ರ ಅಂಗಡಿಯ ಕರಪತ್ರವಾಗುತ್ತದೆ, ಉಳಿದ ಮಾತುಗಳೂ ಬೆಲೆ ಕಳೆದುಕೊಳ್ಳುತ್ತವೆ. ತಡದಿಂದ ನೇರವಾಗಿ ಬರಬಹುದಾದ ಖರ್ಚು ಒಂದೇ, ಸಿಮೆಂಟು ಮತ್ತೆ ಹಾಕುವುದು. ಅದನ್ನು ಕ್ಲಿನಿಕ್ಕು ಹೊರಬೇಕು. ಹಾಗೆಯೇ ‘ಇನ್ನು ಮುಂದೆ ಎಂದೂ ಹೀಗಾಗದು’ ಎಂಬ ಭರವಸೆಯೂ ಇಲ್ಲ. ಮುಂದಿನ ವಾರವೇ ಇನ್ನೊಬ್ಬ ಹುಡುಗ ಬೀಳಬಹುದು. ಆಡಿಸಿಕೊಳ್ಳಲಾಗದ ಮಾತು ಕೊಡುವುದಕ್ಕಿಂತ ದಿನಕ್ಕೆ ಮಧ್ಯಾಹ್ನ ಒಂದು, ಸಂಜೆ ಒಂದು ಅರ್ಧ ಗಂಟೆಯನ್ನು ಯಾರಿಗೂ ಕೊಡದೆ ಖಾಲಿ ಇಟ್ಟುಕೊಳ್ಳುವುದು ಲೇಸು. ತುರ್ತು ಬಂದರೆ ಅದಕ್ಕೆ, ಬರದಿದ್ದರೆ ಬೆಳೆದ ತಡವನ್ನು ಅಲ್ಲಿಗೆ ತುಂಡರಿಸುವುದಕ್ಕೆ.

ಹೀಗೆ ಬರೆದುಕೊಟ್ಟರೆ ನಾಳೆ ಕೋರ್ಟಿನಲ್ಲಿ ಇದನ್ನೇ ತೋರಿಸಿದರೆ ಎಂಬ ಹೆದರಿಕೆ ಡಾಕ್ಟರುಗಳಲ್ಲಿ ಇದೆ, ಅದು ಆಧಾರವಿಲ್ಲದ್ದಲ್ಲ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಹೇಳಿತು. ಬ್ರಿಟನ್ನು 2006ರ ಪರಿಹಾರ ಕಾಯ್ದೆಯಲ್ಲಿ, ಕ್ಷಮೆ ಕೇಳಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಅದೇ ವರ್ಷ ಕ್ಷಮಾಪಣೆಗೆಂದೇ ಒಂದು ಕಾಯ್ದೆ ಮಾಡಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ವೈದ್ಯರು ಮಾಡಿಸುವ ವಿಮೆ ಪಾಲಿಸಿಗಳಲ್ಲಿ, ಕಂಪನಿಗೆ ತಿಳಿಸದೆ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ.

ಇದಕ್ಕೆ ಉಪಾಯ ಪತ್ರವನ್ನೇ ಬರೆಯದಿರುವುದಲ್ಲ, ಯಾವುದಕ್ಕೆ ಕ್ಷಮೆ ಎಂಬುದನ್ನು ಖಚಿತವಾಗಿ ಬರೆಯುವುದು. ಮೇಲಿನ ಪತ್ರ ಕ್ಷಮೆ ಕೇಳಿರುವುದು ಫೋನ್ ಮಾಡದ್ದಕ್ಕೆ, ಸಮಯ ಹೇಳದ್ದಕ್ಕೆ, ಸರದಿ ಬಿಟ್ಟುಕೊಟ್ಟದ್ದಕ್ಕೆ, ಹೊಂದದ ಹೊತ್ತು ಕೊಟ್ಟದ್ದಕ್ಕೆ. ಹಲ್ಲಿನ ಕೆಲಸದಲ್ಲಿ ತಪ್ಪಾಗಿದೆ ಎಂದು ಅದು ಎಲ್ಲೂ ಹೇಳಿಲ್ಲ, ಆಗಿಯೂ ಇಲ್ಲ. ನಾಳದೊಳಗೆ ಫೈಲು ಮುರಿದು ಉಳಿದದ್ದೋ, ಬೇರೆ ಹಲ್ಲು ಕಿತ್ತದ್ದೋ ಆದರೆ ಅದು ಬೇರೆಯೇ ಪತ್ರ. ಅಲ್ಲಿ ರೋಗಿಗೆ ಆದದ್ದನ್ನು ಮುಚ್ಚಿಡದೆ ಕೂಡಲೇ ಹೇಳಬೇಕು, ವಿಮೆಯವರನ್ನೂ ವಕೀಲರನ್ನೂ ಕೇಳಿ ಬರೆಯಬೇಕು. ಕಾಯಿಸಿದ್ದಕ್ಕೆ ಅಷ್ಟೆಲ್ಲ ಬೇಕಿಲ್ಲ. ನಾನು ನೋಡಿದ ಮಟ್ಟಿಗೆ ಜನ ದೂರು ಕೊಡಲು ಹೊರಡುವುದು ಕಾದದ್ದಕ್ಕಲ್ಲ, ಕಾದದ್ದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂಬುದಕ್ಕೆ.

ಇನ್ನು ಸಿಮೆಂಟಿನ ವಿಷಯ, ಯಾಕೆಂದರೆ ಪತ್ರದಲ್ಲಿ ಅತಿ ಮುಖ್ಯವಾದ ಪ್ಯಾರಾ ಅದು. ಟೆಂಪರರಿ ಫಿಲ್ಲಿಂಗ್ ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪವಿದ್ದರೆ ಎರಡು ಮೂರು ವಾರ ಎಂಜಲನ್ನು ತಡೆಯುತ್ತದೆ. ಆಮೇಲೆ ಸವೆಯುತ್ತದೆ, ಅಂಚಿನಲ್ಲಿ ಸಣ್ಣ ಸಂದಿಯಾಗುತ್ತದೆ. ಸಂದಿಯಿಂದ ಎಂಜಲಿನೊಂದಿಗೆ ಕ್ರಿಮಿಗಳು ಇಳಿದರೆ ಸ್ವಚ್ಛ ಮಾಡಿದ ನಾಳ ಮತ್ತೆ ಕೊಳೆಯುತ್ತದೆ, ಮೊದಲಿನ ಕೆಲಸವೆಲ್ಲ ನೀರುಪಾಲು. ಮೋಸದ ಸಂಗತಿಯೆಂದರೆ ನರ ತೆಗೆದ ಹಲ್ಲು ಬಹಳ ದಿನ ನೋಯದೆ ಸುಮ್ಮನಿರುತ್ತದೆ. ನೋವಿಲ್ಲವಲ್ಲ, ವಾಸಿಯಾಗಿದೆ ಎಂದುಕೊಂಡು ಕೂರುವವರು ಹೀಗೇ ಸಿಕ್ಕಿಬೀಳುವುದು. ಒಳಗೆ ಟೊಳ್ಳು ಮಾಡಿದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಅಗಿತದ ಭಾರ ತಡೆಯದೆ ನಡುವೆ ಸೀಳಿದರೆ ಕೀಳುವುದೊಂದೇ ದಾರಿ. ನಾಲಿಗೆಯಿಂದ ಸವರಿದಾಗ ಅಲ್ಲಿ ಗುಂಡಿ ಸಿಕ್ಕರೆ, ಉಪ್ಪುಪ್ಪು ಅಥವಾ ಹಳಸಿದ ರುಚಿ ಬಂದರೆ, ಒಸಡಿನ ಮೇಲೆ ಗುಳ್ಳೆ ಎದ್ದರೆ ಕಾಯುವಂತಿಲ್ಲ. ಹತ್ತು ದಿನ ಕಳೆದ ಶಿಕ್ಷಕಿಗೆ ಪತ್ರ ‘ಮುಂದಿನ ವಾರ ಮುಗಿಯುವುದರೊಳಗೆ’ ಎಂದು ಗಡುವು ಕೊಟ್ಟದ್ದು ಈ ಲೆಕ್ಕದ ಮೇಲೆ.

ಪತ್ರ ಅದೇ ದಿನ ತಲುಪುವುದು ವಾಟ್ಸಾಪಿನಲ್ಲಿ, ಆದ್ದರಿಂದ ಅದರ ಫೋಟೊ ಮೊದಲು ಹೋಗಲಿ, ಕಾಗದ ಹಿಂದೆಯೇ ಅಂಚೆಯಲ್ಲಿ ಹೋಗಲಿ. ಸಂಜೆಯ ಫೋನು ತಪ್ಪಬಾರದು. ಆ ಫೋನಿನಲ್ಲಿ ಡಾಕ್ಟರು ಮತ್ತೆ ವಿವರಣೆಗೆ ತೊಡಗಬಾರದು. ‘ಬಯ್ಯುವುದಿದ್ದರೆ ಬಯ್ಯಿರಿ ಮೇಡಂ, ಕೇಳ್ತೀನಿ’ ಎಂದು ಸುಮ್ಮನಿದ್ದರೆ ಸಾಕು. ಪತ್ರದ ಒಂದು ಪ್ರತಿಯನ್ನು ರೋಗಿಯ ಕಾರ್ಡಿಗೆ ಪಿನ್ ಮಾಡಿ, ಮೇಲೆ ಕೆಂಪು ಶಾಯಿಯಲ್ಲಿ ‘ಬೆಳಗಿನ ಹೊತ್ತು ಮಾತ್ರ’ ಎಂದು ಬರೆಯಬೇಕು, ಇಲ್ಲದಿದ್ದರೆ ಕ್ಯಾಪ್ ಹಾಕುವ ದಿನ ಮತ್ತೆ ಸಂಜೆ ಐದಕ್ಕೇ ಕರೆಯುತ್ತಾರೆ.

ಇಷ್ಟಾದರೂ ಅವರು ಬರಲೊಲ್ಲೆ ಎನ್ನಬಹುದು. ಆಗ ಪತ್ರದ ಕೊನೆಯ ಸಾಲನ್ನು ನಡೆಸಿಕೊಡಬೇಕು. ಇನ್ನೊಬ್ಬ ದಂತವೈದ್ಯರಿಗೆ ಕೆಲಸ ಮುಂದುವರಿಸಲು ಬೇಕಾದದ್ದು ಅರ್ಧ ಹಾಳೆಯಷ್ಟು ಮಾಹಿತಿ. ಯಾವ ಹಲ್ಲು, ಎಷ್ಟು ನಾಳ ಸಿಕ್ಕವು, ಒಂದೊಂದು ನಾಳ ಹಲ್ಲಿನ ಯಾವ ತುದಿಯಿಂದ ಅಳೆದು ಎಷ್ಟು ಮಿಲಿಮೀಟರ್ ಉದ್ದ, ಯಾವ ಸೈಜಿನ ಫೈಲಿನವರೆಗೆ ಅಗಲಿಸಿದೆ, ಒಳಗೆ ಯಾವ ಔಷಧ ಯಾವ ತಾರೀಕಿನಿಂದ ಇದೆ, ಇಂಜೆಕ್ಷನ್ ಎಷ್ಟು ಸಲ ಬೇಕಾಯಿತು. ಜೊತೆಗೆ ಎಕ್ಸ್‌ರೇ. ನಾಳದ ಉದ್ದ ಗೊತ್ತಿದ್ದರೆ ಹೊಸ ಡಾಕ್ಟರು ಅದನ್ನು ಒಮ್ಮೆ ತಾಳೆ ನೋಡಿ ಮುಂದುವರಿಯಬಹುದು. ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಮೊದಲಿಂದ ಹುಡುಕಬೇಕು, ಅದರ ಖರ್ಚೂ ಕೂರುವ ಹೊತ್ತೂ ಆ ಶಿಕ್ಷಕಿಯ ಮೇಲೆಯೇ ಬೀಳುತ್ತದೆ. ಈ ಹಾಳೆಯನ್ನು ಅವರು ಕೇಳಿದ ದಿನವೇ, ಹಣ ಕೇಳದೆ, ಅವರ ಮಗನೋ ಮಗಳೋ ಬಂದರೂ ಅವರನ್ನು ಫೋನಿನಲ್ಲಿ ಒಂದು ಮಾತು ಕೇಳಿ ಕೊಟ್ಟು ಕಳಿಸಬೇಕು. ಅದಕ್ಕೂ ಹೊರಗೆ ಬೆಂಚಿನ ಮೇಲೆ ಕಾಯಿಸಬಾರದು.